ಎಲ್‌ಇಡಿ ಹಾಕಿದ ಮೇಲೆ ಇಂಡಿಕೇಟರ್‌ಗೆ ಯಾಕೆ ಅವಸರ? - ಒಂದು ಪ್ರಶ್ನೆಯಿಂದ ಬೆಳೆದ ಪಾಠ

ಪ್ರಾಯೋಗಿಕ ಬೋಧನೆಯ ಎರಡನೆಯ ವಾರದಲ್ಲಿ ಹತ್ತನೆಯ ತರಗತಿಗೆ ‘ವಿದ್ಯುಚ್ಛಕ್ತಿ’ ಘಟಕದ ಸಮಾಂತರ ಜೋಡಣೆಯನ್ನು ಕಲಿಸುತ್ತಿದ್ದೆ. ಪಾಠ ಯೋಜನೆಯಂತೆಯೇ ನಡೆದಿತ್ತು. ಮೌಲ್ಯಮಾಪನದ ಪ್ರಶ್ನೆಗಳನ್ನು ಕೇಳಿ ಮುಗಿಸುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆ ತರಕಾರಿ ಸಾಗಿಸುವ ಗೂಡ್ಸ್ ಗಾಡಿ ಓಡಿಸುತ್ತಾರೆ. “ಮಿಸ್, ನಮ್ಮಪ್ಪ ಇಂಡಿಕೇಟರ್‌ಗೆ ಎಲ್‌ಇಡಿ ಬಲ್ಬ್ ಹಾಕಿಸಿದಾರೆ. ಆವತ್ತಿಂದ ಟಕಟಕ ಅಂತ ಸಿಕ್ಕಾಪಟ್ಟೆ ಜೋರಾಗಿ ಬಡ್ಕೊಳ್ಳುತ್ತೆ. ಯಾಕೆ ಮಿಸ್?” ಎಂದು ಕೇಳಿದ.

ನಾನು ಯೋಚಿಸದೆ ಉತ್ತರಿಸಿದೆ: “ಎಲ್‌ಇಡಿ ತಕ್ಷಣ ಹೊತ್ತಿ ತಕ್ಷಣ ಆರುತ್ತದೆ. ಹಳೆಯ ಬಲ್ಬಿನ ತಂತಿ ಕಾಯಲು ಸಮಯ ಬೇಕು. ಅದಕ್ಕೇ ಎಲ್‌ಇಡಿ ಬೇಗ ಬೇಗ ಮಿನುಗುತ್ತದೆ.” ಹುಡುಗ ತಲೆಯಾಡಿಸಿ ಕುಳಿತ. ತರಗತಿಯ ನಂತರ ನನ್ನ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ಹೊತ್ತಿಸಿ ಆರಿಸುವುದು ಬಲ್ಬೋ, ಬೇರೆ ಏನಾದರೂ ಇದೆಯೋ?”

ಆ ಸಾಲು ನನ್ನ ಉತ್ತರವನ್ನು ಬುಡಮೇಲು ಮಾಡಿತು. ಎಲ್‌ಇಡಿ ತಂತಿ ಬಲ್ಬಿಗಿಂತ ಬೇಗ ಹೊತ್ತುತ್ತದೆ ಎಂಬುದು ನಿಜ. ಆದರೆ ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂದು ತೀರ್ಮಾನಿಸುವುದು ಬಲ್ಬಲ್ಲ. ಆ ಕೆಲಸ ಫ್ಲಾಷರ್ ಎಂಬ ಪುಟ್ಟ ಡಬ್ಬಿಯದು. ಬಲ್ಬು ಬದಲಾದದ್ದು ಆ ಡಬ್ಬಿಗೆ ಹೇಗೆ ತಿಳಿಯಿತು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತಾ ಹೋದಾಗ, ನಾನು ಅದೇ ದಿನ ಕಪ್ಪುಹಲಗೆಯ ಮೇಲೆ ಬರೆದಿದ್ದ ಓಮ್‌ನ ನಿಯಮಕ್ಕೇ ಬಂದು ತಲುಪಿದೆ.

ಡಬ್ಬಿಗೆ ಕಣ್ಣಿಲ್ಲ

ಇಂಡಿಕೇಟರ್ ಮಂಡಲ ಸರಳವಾದದ್ದು. ಬ್ಯಾಟರಿಯಿಂದ ಹೊರಟ ಪ್ರವಾಹ ಫ್ಯೂಸ್ ದಾಟಿ ಫ್ಲಾಷರ್‌ಗೆ ಬರುತ್ತದೆ. ಅಲ್ಲಿಂದ ಸ್ಟೀರಿಂಗ್ ಬಳಿಯ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಎಡಕ್ಕೋ ಬಲಕ್ಕೋ ಹೋಗುತ್ತದೆ. ಒಂದು ಬದಿಯ ಬಲ್ಬುಗಳೆಲ್ಲ ಸಮಾಂತರವಾಗಿ ಜೋಡಣೆಗೊಂಡಿರುತ್ತವೆ. ಹಾಗಾಗಿ ಆ ಬದಿಯ ಒಟ್ಟು ಪ್ರವಾಹ ಫ್ಲಾಷರ್‌ನ ಮೂಲಕವೇ ಹಾದುಹೋಗಬೇಕು. ಬಲ್ಬುಗಳ ಬಗ್ಗೆ ಫ್ಲಾಷರ್‌ಗೆ ಸಿಗುವ ಸುದ್ದಿ ಇದೊಂದೇ. ಬಲ್ಬು ಹೊತ್ತಿದೆಯೇ, ಯಾವ ಬಣ್ಣದ್ದು, ಯಾವ ಜಾತಿಯದು ಎಂಬುದು ಅದಕ್ಕೆ ಕಾಣುವುದಿಲ್ಲ. ತನ್ನೊಳಗಿಂದ ಎಷ್ಟು ಆಂಪೇರ್ ಹರಿಯಿತು ಎಂಬುದಷ್ಟೇ ತಿಳಿಯುತ್ತದೆ.

ಈಗ ಬಳಕೆಯಲ್ಲಿರುವ ಬಹುಪಾಲು ಎಲೆಕ್ಟ್ರಾನಿಕ್ ಫ್ಲಾಷರ್‌ಗಳ ಒಳಗೆ ಮುಖ್ಯವಾಗಿ ಮೂರು ಭಾಗಗಳಿವೆ. ಒಂದು ರಿಲೇ, ‘ಟಕ್ ಟಕ್’ ಸದ್ದು ಬರುವುದು ಅದರಿಂದಲೇ. ಎರಡನೆಯದು ಕಾಲ ಅಳೆಯುವ ಮಂಡಲ. ಇದರಲ್ಲಿ ಒಂದು ಕೆಪಾಸಿಟರ್ ರೋಧಕದ ಮೂಲಕ ತುಂಬುತ್ತದೆ, ಒಂದು ಮಟ್ಟ ತಲುಪಿದೊಡನೆ ರಿಲೇ ಸ್ಥಿತಿ ಬದಲಿಸುತ್ತದೆ. ಮೂರನೆಯದು ನಮ್ಮ ಕಥೆಯ ನಾಯಕ. ಬಲ್ಬುಗಳ ಒಟ್ಟು ಪ್ರವಾಹ ಹಾದುಹೋಗುವ ದಾರಿಯಲ್ಲಿ ಕೂರಿಸಿದ, ತೀರಾ ಕಡಿಮೆ ರೋಧದ ಒಂದು ಲೋಹದ ತುಂಡು. ಇದನ್ನು ಶಂಟ್ ಎನ್ನುತ್ತಾರೆ. ಇದರ ರೋಧ 0.03 ಓಮ್‌ನ ಆಸುಪಾಸಿನಲ್ಲಿರುತ್ತದೆ. ಬಲ್ಬಿನ ಬೆಳಕು ಕುಗ್ಗದಷ್ಟು ಕಡಿಮೆ, ಆದರೆ ಅಳೆಯಲು ಸಾಕಾಗುವಷ್ಟು.

ಪ್ರವಾಹ ಹರಿದಾಗ ಶಂಟ್‌ನ ಎರಡು ತುದಿಗಳ ನಡುವೆ ಸಣ್ಣ ವಿಭವಾಂತರ ಹುಟ್ಟುತ್ತದೆ. ಫ್ಲಾಷರ್‌ನ ಮಂಡಲ ಅದನ್ನು ತನ್ನೊಳಗಿನ ಒಂದು ಗಡಿ ಮೌಲ್ಯದೊಂದಿಗೆ ಹೋಲಿಸಿ ನೋಡುತ್ತದೆ. ಗಡಿಗಿಂತ ಹೆಚ್ಚಿದ್ದರೆ ಮಾಮೂಲಿ ವೇಗ. ಕಡಿಮೆ ಇದ್ದರೆ ‘ಒಂದು ಬಲ್ಬು ಹೋಗಿದೆ’ ಎಂದು ತಿಳಿದು ವೇಗವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಅಂದರೆ ಆ ಅವಸರ ಕೆಟ್ಟುಹೋದದ್ದರ ಲಕ್ಷಣವಲ್ಲ, ಚಾಲಕನಿಗೆ ಕಳಿಸುವ ಸುದ್ದಿ. ಹಿಂದಿನ ಬಲ್ಬು ಸುಟ್ಟುಹೋದರೆ ಸೀಟಿನಲ್ಲಿ ಕುಳಿತವನಿಗೆ ಕಾಣುವುದಿಲ್ಲ. ಸದ್ದಿನ ವೇಗದಿಂದಲಾದರೂ ತಿಳಿಯಲಿ ಎಂದು ಮಾಡಿದ ವ್ಯವಸ್ಥೆ ಅದು.

ಗಾಡಿಯ ಲೆಕ್ಕ

ಆ ಹುಡುಗನ ತಂದೆಯ ಗಾಡಿಯಲ್ಲಿ ಪ್ರತಿ ಬದಿಗೆ ಮುಂದೆ 21 ವಾಟ್, ಹಿಂದೆ 21 ವಾಟ್, ಪಕ್ಕದಲ್ಲಿ 5 ವಾಟ್‌ನ ಪುಟ್ಟ ಬಲ್ಬು ಇದ್ದವು. ಎಲ್ಲವೂ 12 ವೋಲ್ಟ್‌ನವು. ಒಟ್ಟು 47 ವಾಟ್. ಸಾಮರ್ಥ್ಯವನ್ನು ವಿಭವಾಂತರದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ: 47 ÷ 12 = 3.9 ಆಂಪೇರ್. 0.03 ಓಮ್‌ನ ಶಂಟ್‌ನಲ್ಲಿ ಇದು 3.9 × 0.03, ಅಂದರೆ ಸುಮಾರು 0.117 ವೋಲ್ಟ್ ಹುಟ್ಟಿಸುತ್ತದೆ.

ಹಿಂದಿನ ಬಲ್ಬು ಸುಟ್ಟುಹೋಯಿತು ಎನ್ನೋಣ. ಉಳಿದದ್ದು 26 ವಾಟ್, ಪ್ರವಾಹ 2.2 ಆಂಪೇರ್, ಶಂಟ್‌ನಲ್ಲಿ 0.066 ವೋಲ್ಟ್. ಈ ಎರಡು ಸ್ಥಿತಿಗಳನ್ನು ಬೇರ್ಪಡಿಸಬೇಕಾದರೆ ಗಡಿಯನ್ನು ನಡುವೆ ಎಲ್ಲೋ ಇಡಬೇಕು. ಲೆಕ್ಕದ ಅನುಕೂಲಕ್ಕೆ 0.09 ವೋಲ್ಟ್, ಅಂದರೆ 3 ಆಂಪೇರ್ ಎಂದು ಇಟ್ಟುಕೊಳ್ಳೋಣ.

ಈಗ ಎಲ್‌ಇಡಿ. ಮುಂದೆ ಮತ್ತು ಹಿಂದೆ ಸುಮಾರು 3 ವಾಟ್‌ನ ಎಲ್‌ಇಡಿ ಬಲ್ಬುಗಳು ಬಂದವು. ಪಕ್ಕದ 5 ವಾಟ್ ಹಾಗೇ ಉಳಿಯಿತು. ಒಟ್ಟು 11 ವಾಟ್, ಪ್ರವಾಹ 0.9 ಆಂಪೇರ್. ಒಂದು ಬಲ್ಬು ಸತ್ತಾಗ ಹರಿಯುವುದಕ್ಕಿಂತಲೂ ಇದು ಕಡಿಮೆ! ಬಲ್ಬುಗಳೆಲ್ಲ ಝಗಮಗ ಹೊತ್ತುತ್ತಿದ್ದರೂ ಫ್ಲಾಷರ್‌ನ ಲೆಕ್ಕದಲ್ಲಿ ಅವು ಸತ್ತಿವೆ. ಹಿಂದಿನ ಒಂದನ್ನು ಮಾತ್ರ ಎಲ್‌ಇಡಿ ಮಾಡಿದ್ದರೂ ಒಟ್ಟು 29 ವಾಟ್, 2.4 ಆಂಪೇರ್, ಆಗಲೂ ಗಡಿಯ ಕೆಳಗೇ. “ಒಂದೇ ಬಲ್ಬ್ ಬದಲಾಯಿಸಿದ್ದಕ್ಕೆ ಇಷ್ಟೊಂದು ರಂಪಾಟವೇ?” ಎಂದು ಕೇಳುವವರಿಗೆ ಉತ್ತರ ಇದೇ.

ಇದೇ ಲೆಕ್ಕ ಈ ವ್ಯವಸ್ಥೆಯ ಮಿತಿಯನ್ನೂ ತೋರಿಸುತ್ತದೆ. ಪಕ್ಕದ 5 ವಾಟ್ ಬಲ್ಬು ಸುಟ್ಟುಹೋದರೆ ಉಳಿಯುವುದು 42 ವಾಟ್, 3.5 ಆಂಪೇರ್. ಇದು ಗಡಿಗಿಂತ ಮೇಲಿದೆ. ಹಾಗಾಗಿ ಫ್ಲಾಷರ್ ಎಚ್ಚರಿಸುವುದಿಲ್ಲ.

ಹಳೆಯ ಗಾಡಿಗಳಲ್ಲಿ ಬೇರೊಂದು ಬಗೆಯ ಫ್ಲಾಷರ್ ಇರುತ್ತದೆ. ಅದರಲ್ಲಿ ದ್ವಿಲೋಹ ಪಟ್ಟಿಯೊಂದು ಬಲ್ಬಿನ ಪ್ರವಾಹದಿಂದಲೇ ಕಾದು ಬಾಗಿ ಸಂಪರ್ಕ ತಪ್ಪಿಸುತ್ತದೆ, ತಣ್ಣಗಾಗಿ ಮತ್ತೆ ಸೇರಿಸುತ್ತದೆ. ಅಂಥದಕ್ಕೆ ಎಲ್‌ಇಡಿ ಹಾಕಿದರೆ ಪಟ್ಟಿ ಕಾಯುವಷ್ಟು ಪ್ರವಾಹವೇ ಹರಿಯುವುದಿಲ್ಲ. ಆಗ ಇಂಡಿಕೇಟರ್ ವೇಗವಾಗಿ ಮಿನುಗುವ ಬದಲು ನಿಧಾನವಾಗುತ್ತದೆ ಅಥವಾ ಮಿನುಗುವುದೇ ಇಲ್ಲ. ವೇಗ ಹೆಚ್ಚಿತೆಂದರೆ ಗಾಡಿಯಲ್ಲಿರುವುದು ಪ್ರವಾಹ ಅಳೆಯುವ ಫ್ಲಾಷರ್ ಎಂದು ಊಹಿಸಬಹುದು.

ಹಲಗೆಯ ಮೇಲೆ ಗಾಡಿ

ಮುಂದಿನ ವಾರ ಇದನ್ನೇ ಪಾಠವಾಗಿ ಮಾಡಲು ಅನುಮತಿ ಸಿಕ್ಕಿತು. ಒಂದು ಪ್ಲೈವುಡ್ ಹಲಗೆಯ ಮೇಲೆ 12 ವೋಲ್ಟ್, 7 ಆಂಪೇರ್-ಗಂಟೆಯ ಬ್ಯಾಟರಿ, 5 ಆಂಪೇರ್ ಫ್ಯೂಸ್, ಫ್ಲಾಷರ್, ಸ್ವಿಚ್ ಮತ್ತು ಮೂರು ಬಲ್ಬ್ ಹೋಲ್ಡರ್‌ಗಳನ್ನು ಜೋಡಿಸಿದೆ. ಹಳೆಯ ಬಿಡಿಭಾಗಗಳನ್ನು ಬಸ್ ನಿಲ್ದಾಣದ ಹತ್ತಿರದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಕೊಟ್ಟರು.

ಎರಡು ಎಡವಟ್ಟುಗಳನ್ನು ಇಲ್ಲಿ ಹೇಳಿಬಿಡುತ್ತೇನೆ, ನಿಮಗೆ ಅವು ಬೇಡ. ಮೊದಲನೆಯದು: ಶಾಲೆಯ ಅಮ್ಮೀಟರ್ 3 ಆಂಪೇರ್‌ವರೆಗಿನದು, ನಮ್ಮ ಪ್ರವಾಹ ಅದನ್ನು ಮೀರುತ್ತದೆ. ಮಲ್ಟಿಮೀಟರ್ ತಂದೆ, ಆದರೆ ಕೆಂಪು ತಂತಿಯನ್ನು 10 ಆಂಪೇರ್ ತೂತಿಗೆ ಬದಲಾಯಿಸಲು ಮರೆತೆ. ಒಳಗಿನ ಸಣ್ಣ ಫ್ಯೂಸ್ ಹೋಯಿತು. ಎರಡನೆಯದು: ಬಲ್ಬು ಮಿನುಗುತ್ತಿರುವಾಗ ಮೀಟರಿನ ಅಂಕಿ ನಿಲ್ಲುವುದೇ ಇಲ್ಲ. ಸ್ಥಿರವಾದ ಅಳತೆ ಬೇಕಾದರೆ ಫ್ಲಾಷರ್ ತೆಗೆದು ಅದರ ಜಾಗದಲ್ಲಿ ನೇರ ತಂತಿ ಹಾಕಿ ಪ್ರವಾಹ ಅಳೆಯಬೇಕು, ಆಮೇಲೆ ಫ್ಲಾಷರ್ ಕೂರಿಸಿ ವೇಗ ಎಣಿಸಬೇಕು.

ಮಕ್ಕಳು ಮೊದಲು ಲೆಕ್ಕ ಮಾಡಿ ಊಹೆಯನ್ನು ಬರೆದುಕೊಂಡರು, ನಂತರ ನೋಡಿದರು. ಮೂರೂ ತಂತಿ ಬಲ್ಬುಗಳಿದ್ದಾಗ ಮೀಟರ್ 3.8 ಆಂಪೇರ್ ತೋರಿಸಿತು. ಫ್ಲಾಷರ್ ಹಾಕಿ 15 ಸೆಕೆಂಡು ಎಣಿಸಿದರೆ 22 ಮಿನುಗು, ಅಂದರೆ ನಿಮಿಷಕ್ಕೆ 88. ಎರಡು ಎಲ್‌ಇಡಿ ಹಾಕಿದಾಗ 0.9 ಆಂಪೇರ್, 15 ಸೆಕೆಂಡಿಗೆ 46, ನಿಮಿಷಕ್ಕೆ 184. ನಮ್ಮ ದೇಶದ ಮೋಟಾರು ವಾಹನ ನಿಯಮಗಳು ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕೆನ್ನುತ್ತವೆ. ಗಾಡಿ ಆ ಮಿತಿಯನ್ನು ದಾಟಿತ್ತು ಎಂಬುದು ಮಕ್ಕಳಿಗೆ ತಾವೇ ಎಣಿಸಿ ತಿಳಿದ ಸಂಗತಿ.

ಪಾಠದ ನಿಜವಾದ ಘಟ್ಟ ಇದರ ನಂತರ ಬಂತು. ಎಲ್‌ಇಡಿಯನ್ನು ಕಳಚಿ ತಂತಿ ಬಲ್ಬನ್ನು ಮತ್ತೆ ಹಾಕಿದೆವು. ಆಮೇಲೆ ಹಿಂದಿನ ಬಲ್ಬನ್ನು ಹೋಲ್ಡರ್‌ನಿಂದ ತೆಗೆದೆ. ಎಲ್‌ಇಡಿ ಒಂದೂ ಇಲ್ಲದಿದ್ದರೂ ಉಳಿದ ಬಲ್ಬುಗಳು ಹಾಗೇ ಅವಸರದಿಂದ ಮಿನುಗತೊಡಗಿದವು. ನನ್ನ ಮೊದಲ ಉತ್ತರ ತಪ್ಪೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. “ಹೋದ ವಾರ ನಾನು ಹೇಳಿದ್ದು ಸರಿಯೇ?” ಎಂದು ಕೇಳಿದೆ. ಪ್ರಶ್ನೆ ಕೇಳಿದ್ದ ಹುಡುಗನೇ ಎದ್ದು, “ಇಲ್ಲ ಮಿಸ್. ತಂತಿ ಬಲ್ಬೂ ಜೋರಾಗಿ ಹೊಡ್ಕೊಳ್ತಾ ಇದೆಯಲ್ಲ” ಎಂದ.

ಇನ್ನೊಬ್ಬಳು ಬಲ್ಬಿನ ರೋಧವನ್ನು ಮಲ್ಟಿಮೀಟರ್‌ನಿಂದ ನೇರವಾಗಿ ಅಳೆದು, ಒಂದು ಓಮ್‌ಗಿಂತ ಕಡಿಮೆ ಬಂದದ್ದನ್ನು ನೋಡಿ ಗಲಿಬಿಲಿಗೊಂಡಳು. ಅವಳ ಲೆಕ್ಕದಲ್ಲಿ ಒಂದೇ ಬಲ್ಬು 12 ಆಂಪೇರ್‌ಗಿಂತ ಹೆಚ್ಚು ಎಳೆಯಬೇಕಿತ್ತು! ಟಂಗ್‌ಸ್ಟನ್ ತಂತಿಯ ರೋಧ ತಣ್ಣಗಿದ್ದಾಗ ಬಹಳ ಕಡಿಮೆ, ಬೆಳಗುವಾಗ ಹತ್ತು ಪಟ್ಟಿನಷ್ಟು ಏರುತ್ತದೆ. 21 ವಾಟ್ ಬಲ್ಬು ಬೆಳಗುವಾಗ 1.75 ಆಂಪೇರ್ ಎಳೆಯುತ್ತದೆ, ಹಾಗಾಗಿ ಅದರ ರೋಧ 12 ÷ 1.75, ಸುಮಾರು 7 ಓಮ್. ಈ 7 ಓಮ್ ಎಂಬ ಅಂಕಿ ಮುಂದಿನ ಮಾತಿಗೆ ಬೇಕು.

ಸುಳ್ಳು ಭಾರ

ಅಂಗಡಿಗಳಲ್ಲಿ ಇದಕ್ಕೆ ಮದ್ದಾಗಿ 6 ಓಮ್, 50 ವಾಟ್ ಎಂದು ಬರೆದ ಲೋಹದ ಕವಚದ ರೋಧಕಗಳು ಸಿಗುತ್ತವೆ. ಬೆಳಗುವ ತಂತಿಯ 7 ಓಮ್‌ಗೆ ಹತ್ತಿರದ ಬೆಲೆ. 12 ವೋಲ್ಟ್‌ನಲ್ಲಿ ಇದು 2 ಆಂಪೇರ್ ಎಳೆಯುತ್ತದೆ, ಅಂದರೆ 24 ವಾಟ್. ಇಲ್ಲದ ಬಲ್ಬು ಇದೆ ಎಂದು ಫ್ಲಾಷರ್‌ನನ್ನು ನಂಬಿಸುವುದಷ್ಟೇ ಇದರ ಕೆಲಸ.

ಇದನ್ನು ಎಲ್ಲಿ ಜೋಡಿಸಬೇಕು ಎಂದು ಮಕ್ಕಳನ್ನೇ ಕೇಳಿದೆ. ಒಂದು ಗುಂಪು ಎಲ್‌ಇಡಿಯ ಜೊತೆ ಸರಣಿಯಲ್ಲಿ ಜೋಡಿಸಿತು. ಎಲ್‌ಇಡಿ ಹೊತ್ತಿತು, ಅವಸರ ಮಾತ್ರ ನಿಲ್ಲಲಿಲ್ಲ. ಸರಣಿಯಲ್ಲಿ ರೋಧಕದ ಮೂಲಕವೂ ಎಲ್‌ಇಡಿಯ ಅಲ್ಪ ಪ್ರವಾಹವೇ ಹರಿಯಬೇಕು, 0.25 ಆಂಪೇರ್ ಅಥವಾ ಅದಕ್ಕಿಂತ ಕಡಿಮೆ. ಇನ್ನೊಂದು ಗುಂಪು ಎಲ್‌ಇಡಿಗೆ ಸಮಾಂತರವಾಗಿ ಜೋಡಿಸಿತು. ಈಗ ಹೊಸ ದಾರಿಯೊಂದು ತೆರೆದು 2 ಆಂಪೇರ್ ಹೆಚ್ಚುವರಿಯಾಗಿ ಹರಿಯಿತು. ಆದರೂ ಅವಸರ ನಿಲ್ಲಲಿಲ್ಲ! 11 ವಾಟ್‌ಗೆ 24 ಸೇರಿದರೆ 35 ವಾಟ್, 2.9 ಆಂಪೇರ್, ಗಡಿಗಿಂತ ಕೂದಲೆಳೆಯಷ್ಟು ಕಡಿಮೆ. ಎರಡನೆಯ ಎಲ್‌ಇಡಿಗೂ ಒಂದು ರೋಧಕ ಹಾಕಿದಾಗ 59 ವಾಟ್, 4.9 ಆಂಪೇರ್ ಆಗಿ ವೇಗ ಮಾಮೂಲಿಗೆ ಬಂತು. ಸರಣಿ ಮತ್ತು ಸಮಾಂತರದ ವ್ಯತ್ಯಾಸವನ್ನು ನಾನು ಎರಡು ಅವಧಿಗಳಲ್ಲಿ ಕಲಿಸಿದ್ದಕ್ಕಿಂತ ಈ ಹತ್ತು ನಿಮಿಷ ಚೆನ್ನಾಗಿ ಕಲಿಸಿತು.

ಬದಿಗೆ ಎರಡು ರೋಧಕ ಸೇರಿದರೆ 5 ಆಂಪೇರ್ ಫ್ಯೂಸಿನ ಅಂಚಿಗೆ ಬರುತ್ತೇವೆ ಎಂಬುದನ್ನು ಮರೆಯಬಾರದು. ನಾವು ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಲಿಲ್ಲ. ಅಷ್ಟರಲ್ಲೇ ರೋಧಕ ಮುಟ್ಟಲು ಹಿಂಜರಿಯುವಷ್ಟು ಬಿಸಿಯಾಗಿತ್ತು. ತರಗತಿಯಲ್ಲಿ ಇದನ್ನು ಹೆಂಚಿನ ತುಂಡಿನ ಮೇಲಿಟ್ಟು, ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು. ಎಂಜಿನ್ ಓಡುವಾಗ ಗಾಡಿಯ ವಿಭವಾಂತರ 14 ವೋಲ್ಟ್‌ನ ಹತ್ತಿರ ಇರುತ್ತದೆ. ಆಗ ಒಂದೊಂದು ರೋಧಕವೂ ಹೊತ್ತಿದ ಹೊತ್ತಿನಲ್ಲಿ 33 ವಾಟ್‌ನಷ್ಟು ಶಾಖ ಬಿಡುತ್ತದೆ. ಗಾಡಿಯಲ್ಲಿ ಅದನ್ನು ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿಯಬೇಕು. ಪ್ಲಾಸ್ಟಿಕ್ ಕವಚಕ್ಕೋ ತಂತಿಯ ಕಟ್ಟಿಗೋ ತಾಗಿಸಿ ಟೇಪು ಸುತ್ತಿಟ್ಟರೆ ಅವು ಕರಗುತ್ತವೆ.

ಆಗ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಎಲ್‌ಇಡಿ ಹಾಕಿದ್ದು ಕರೆಂಟ್ ಉಳಿಸೋಕಲ್ವಾ? ಎಲ್‌ಇಡಿ 3, ಇದು 24. ಒಟ್ಟು 27 ಆಯ್ತು. ಮುಂಚಿನ ಬಲ್ಬ್ 21 ಇತ್ತಲ್ಲ!” ನಾನು ಪಾಠಯೋಜನೆಯಲ್ಲಿ ಬರೆದಿರದ ತೀರ್ಮಾನ ಅದು. ಉಳಿತಾಯ ಪೂರ್ತಿ ಹೋಗಿ, ಮೇಲೆ 6 ವಾಟ್ ಹೆಚ್ಚೇ ಖರ್ಚಾಗುತ್ತಿದೆ.

ಅದಕ್ಕಿಂತ ದೊಡ್ಡ ನಷ್ಟವೊಂದಿದೆ. ರೋಧಕಗಳಿದ್ದಾಗ ಹಿಂದಿನ ಎಲ್‌ಇಡಿಯನ್ನು ಕಳಚಿ ತೋರಿಸಿದೆ. ಪ್ರವಾಹ 4.9ರಿಂದ 4.7 ಆಂಪೇರ್‌ಗೆ ಇಳಿದದ್ದು ಅಷ್ಟೆ. ‘ಟಕ್ ಟಕ್’ ಮಾಮೂಲಿಯಾಗಿಯೇ ನಡೆದಿತ್ತು. ಹಿಂದೆ ಕತ್ತಲೆ, ಆದರೆ ಒಳಗೆ ಕುಳಿತವನಿಗೆ ಎಲ್ಲವೂ ಸರಿ. ನಾವು ಅವಸರವನ್ನು ನಿಲ್ಲಿಸಿದ್ದಲ್ಲ, ಸುದ್ದಿ ಹೇಳುವವನ ಬಾಯಿ ಮುಚ್ಚಿಸಿದ್ದು.

ಇನ್ನೊಂದು ದಾರಿಯಿದೆ: ಪ್ರವಾಹದ ಲೆಕ್ಕವನ್ನೇ ನೋಡದೆ ಒಂದೇ ವೇಗದಲ್ಲಿ ಮಿನುಗಿಸುವ ಎಲ್‌ಇಡಿ ಫ್ಲಾಷರ್. ಇದರಲ್ಲಿ ಶಾಖವಿಲ್ಲ, ವ್ಯರ್ಥವಿಲ್ಲ. ಆದರೆ ಇದು ತನ್ನ ಕೆಲಸಕ್ಕೆ ಬೇಕಾದ ವಿದ್ಯುತ್ತಿಗಾಗಿ ಸಾಮಾನ್ಯವಾಗಿ ಪ್ರತ್ಯೇಕ ಅರ್ಥ್ ತಂತಿಯನ್ನು ಕೇಳುತ್ತದೆ. ಎರಡು ಕಾಲಿನ ಫ್ಲಾಷರ್ ಇದ್ದ ಕಡೆ ಮೂರನೆಯ ತಂತಿ ಎಳೆಯಬೇಕು, ಕಾಲುಗಳ ಕ್ರಮವನ್ನೂ ನೋಡಿಕೊಳ್ಳಬೇಕು. ಹೊಸ ಕಾರುಗಳಲ್ಲಿ ಈ ಕೆಲಸ ಗಾಡಿಯ ನಿಯಂತ್ರಣ ಮಾಡ್ಯೂಲ್‌ನೊಳಗೇ ಸೇರಿಹೋಗಿರುವುದರಿಂದ ಬದಲಾಯಿಸಲು ಪ್ರತ್ಯೇಕ ಫ್ಲಾಷರ್ ಇರುವುದಿಲ್ಲ. ಇದೂ ಬಲ್ಬು ಸತ್ತ ಸುದ್ದಿ ಹೇಳುವುದಿಲ್ಲ. ಇಂಥದನ್ನು ಹಾಕಿಸಿದವರು ರಾತ್ರಿ ಗಾಡಿಯನ್ನು ಗೋಡೆಗೆ ಹಿಂದು ಮಾಡಿ ನಿಲ್ಲಿಸಿ, ಬೆಳಕು ಗೋಡೆಯ ಮೇಲೆ ಬೀಳುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಬೇಕು.

ಎಲ್‌ಇಡಿ ಹಾಕದ ಗಾಡಿಯಲ್ಲಿ ಒಂದು ಬದಿ ಮಾತ್ರ ಅವಸರಪಟ್ಟರೆ ಫ್ಲಾಷರ್ ಬದಲಾಯಿಸಲು ಓಡಬೇಕಾಗಿಲ್ಲ. ಎರಡೂ ಬದಿಗೆ ಫ್ಲಾಷರ್ ಒಂದೇ, ಆದ್ದರಿಂದ ಅದು ಸರಿಯಾಗಿದೆ. ಆ ಬದಿಯ ಒಂದು ಬಲ್ಬು ಸುಟ್ಟಿರಬೇಕು, ಇಲ್ಲವೇ ಹೋಲ್ಡರ್ ತುಕ್ಕು ಹಿಡಿದು ಅರ್ಥ್ ಸಡಿಲವಾಗಿರಬೇಕು.

ಪಾಠದ ನಂತರ

ಎರಡು ದಿನಗಳ ಮೇಲೆ ಹುಡುಗನ ತಂದೆ ಶಾಲೆಯ ಗೇಟಿನ ಬಳಿ ಸಿಕ್ಕರು. ಮಗ ಮನೆಯಲ್ಲಿ ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದ್ದನಂತೆ. ಅವರು ಎಲ್‌ಇಡಿ ತೆಗೆಸಿ ಹಳೆಯ 21 ವಾಟ್ ಬಲ್ಬುಗಳನ್ನೇ ಹಾಕಿಸಿದ್ದರು. “ಬೆಳಗಿನ ಜಾವ ನಾಲ್ಕಕ್ಕೆ ಮಾರ್ಕೆಟ್‌ಗೆ ಹೊರಡ್ತೀನಿ ಮೇಡಂ. ಹಿಂದೆ ಲೈಟ್ ಹೋಗಿದ್ರೆ ನನಗೆ ಗೊತ್ತಾಗೋದು ಆ ಸದ್ದಿಂದಾನೇ” ಎಂದರು.

ನನ್ನ ಪಾಠಯೋಜನೆಯಲ್ಲಿ ಈಗ ಎರಡು ತಿದ್ದುಪಡಿಗಳಿವೆ. ಸಮಾಂತರ ಜೋಡಣೆಯ ಉದಾಹರಣೆಯಾಗಿ ಮನೆಯ ವೈರಿಂಗ್ ಜೊತೆಗೆ ಇಂಡಿಕೇಟರ್ ಹಲಗೆಯನ್ನೂ ಸೇರಿಸಿದ್ದೇನೆ, ಏಕೆಂದರೆ ಇಲ್ಲಿ ಒಂದು ಶಾಖೆ ಕಡಿದುಹೋದರೆ ಒಟ್ಟು ಪ್ರವಾಹ ಕುಗ್ಗುವುದು ಕಿವಿಗೇ ಕೇಳಿಸುತ್ತದೆ. ಎರಡನೆಯದು ‘ನಿರೀಕ್ಷಿತ ತಪ್ಪು ಗ್ರಹಿಕೆಗಳು’ ಎಂಬ ಅಂಕಣದಲ್ಲಿದೆ. ಅಲ್ಲಿ ಮೊದಲ ಸಾಲಿನಲ್ಲಿ ‘ಎಲ್‌ಇಡಿ ಬೇಗ ಹೊತ್ತುವುದರಿಂದ ಬೇಗ ಮಿನುಗುತ್ತದೆ’ ಎಂದು ಬರೆದು, ಪಕ್ಕದಲ್ಲಿ ‘ಮೂಲ: ಶಿಕ್ಷಕಿ’ ಎಂದು ನಮೂದಿಸಿದ್ದೇನೆ.